ಹನ್ನೊಂದು ವಾರ ಎಳೆದ ನೇಮಕಾತಿ: ಯಾವಾಗ ಕೇಳಬೇಕು, ಯಾರನ್ನು ಕೇಳಬೇಕು

(ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ಇಲ್ಲಿ ಹೇಳಿರುವ ಹುಡುಗಿಯ ಒಪ್ಪಿಗೆ ಪಡೆದಿದ್ದೇನೆ.)

ಸೆಪ್ಟೆಂಬರ್ ಕೊನೆಯ ಭಾನುವಾರ, ಕೆಲಸ ಹುಡುಕುವವರಿಗೆ ಸಲಹೆ ಕೊಡುವ ಹಾಸನದ ನನ್ನ ಕೊಠಡಿಗೆ ಬಂದಾಗ ಆಕೆ ಹೇಳಿದ ಮೊದಲ ಮಾತು ಕೆಲಸದ ಬಗ್ಗೆ ಆಗಿರಲಿಲ್ಲ. "ಮೇಡಂ, ನಿದ್ದೆ ಬರ್ತಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲ್ ನೋಡ್ತೀನಿ." ಇಪ್ಪತ್ತಾರರ ಹುಡುಗಿ, ಬೇಲೂರು ಕಡೆಯ ಹಳ್ಳಿಯವಳು. ಇಲ್ಲಿನ ಒಂದು ಔಷಧ ತಯಾರಿಕಾ ಘಟಕದ ಗುಣಮಟ್ಟ ವಿಭಾಗದಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಬೆಂಗಳೂರಿನ ಹೊರವಲಯದ ಇನ್ನೊಂದು ಕಂಪನಿಗೆ ಅರ್ಜಿ ಹಾಕಿದ್ದಳು. ಸೆಪ್ಟೆಂಬರ್ 4ಕ್ಕೆ ಎಚ್‌ಆರ್‌ನವರು ಫೋನಿನಲ್ಲಿ ಮಾತಾಡಿಸಿದ್ದರು, 11ಕ್ಕೆ ಆನ್‌ಲೈನ್ ಪರೀಕ್ಷೆ ಆಗಿತ್ತು, 18ಕ್ಕೆ ವಿಡಿಯೊದಲ್ಲಿ ತಾಂತ್ರಿಕ ಸಂದರ್ಶನ. ಅದು ಚೆನ್ನಾಗಿಯೇ ಆಯಿತಂತೆ. ಆಮೇಲೆ ಸದ್ದೇ ಇಲ್ಲ.

ಮೊಬೈಲ್ ತೋರಿಸು ಎಂದೆ. 18ರಿಂದ 27ರವರೆಗಿನ ಒಂಬತ್ತು ದಿನಗಳಲ್ಲಿ ಎಚ್‌ಆರ್ ಹುಡುಗಿಗೆ ನಾಲ್ಕು ವಾಟ್ಸ್ಆ್ಯಪ್ ಸಂದೇಶ ಹೋಗಿದ್ದವು. ಅದರಲ್ಲಿ ಒಂದು ರಾತ್ರಿ ಹತ್ತೂವರೆಗೆ. ಎರಡು ಕರೆಗಳನ್ನು ಅವರು ಎತ್ತಿರಲಿಲ್ಲ. ಸಂದರ್ಶನ ಮಾಡಿದ ಅಧಿಕಾರಿಯನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಅವರಿಗೂ ಒಂದು ಸಂದೇಶ ಕಳಿಸಿದ್ದಳು. ಐದು ಸಂದೇಶಗಳಲ್ಲೂ ಇದ್ದ ಮಾತು ಒಂದೇ: ಏನಾದರೂ ಗೊತ್ತಾಯಿತಾ? ಬಂದ ಉತ್ತರವೂ ಒಂದೇ: "ತಿಳಿಸುತ್ತೇವೆ."

ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಹಾಗೆ ಕೇಳುವುದು ಆಸೆ ಇದ್ದವರ ಸಹಜ ನಡೆ. ಆದರೆ ಆ ಸಂದೇಶ, ಕರೆಗಳೆಲ್ಲ ಯಾರ ಕೈಗೆ ಹೋದವು, ಅವರ ಕೈಯಲ್ಲಿ ಏನಿತ್ತು ಎಂಬುದನ್ನು ಇಬ್ಬರೂ ಕೂತು ನೋಡಿದೆವು. ತಾಂತ್ರಿಕ ಸಂದರ್ಶನ ಮುಗಿದ ಮೇಲೆ ಎಚ್‌ಆರ್ ಕಾಯುವುದು ಸಂದರ್ಶಕರು ಬರೆದುಕೊಡುವ ಅಭಿಪ್ರಾಯಕ್ಕೆ. ಉಳಿದ ಅಭ್ಯರ್ಥಿಗಳ ಸಂದರ್ಶನ ಮುಗಿಯುವವರೆಗೆ ಅದು ಬರದೇ ಇರಬಹುದು. ಮೇಲಾಗಿ ಸೆಪ್ಟೆಂಬರ್ 30 ತ್ರೈಮಾಸಿಕದ ಕೊನೆ. ಕಾರ್ಖಾನೆಯಲ್ಲಿ ಆ ವಾರ ಎಷ್ಟು ಒತ್ತಡ ಇರುತ್ತದೆಂದು ಅವಳಿಗೇ ಗೊತ್ತು. ಅಂದರೆ ಎಚ್‌ಆರ್ ಹುಡುಗಿಯ ಹತ್ತಿರ ಹೇಳಲು ಏನೂ ಇರಲಿಲ್ಲ. ಹೇಳಲು ಏನೂ ಇಲ್ಲದವರನ್ನು ನಾಲ್ಕು ಸಲ ಕೇಳಿದರೆ ಐದನೆಯ ಸಲ ಅವರು ನಮ್ಮ ಹೆಸರು ಕಂಡ ಕೂಡಲೇ ಫೋನ್ ಕೆಳಗಿಡುತ್ತಾರೆ.

"ಹಾಗಾದ್ರೆ ಸುಮ್ನೆ ಇರ್ಬೇಕಾ ಮೇಡಂ?"

"ಸುಮ್ನಿರು ಅಂತ ಹೇಳ್ತಿಲ್ಲಮ್ಮ. ಕೇಳೋ ದಿನ ಯಾವುದು ಅಂತ ಮೊದಲೇ ಬರೆದಿಡು. ಉಳಿದ ದಿನ ಮೊಬೈಲ್ ನೋಡೋ ಅಗತ್ಯ ಇಲ್ಲ."

ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಹಾಕಿಸಿದೆ: ಕೊನೆಗೆ ಮಾತಾಡಿದ ದಿನ, ಯಾರ ಜೊತೆ, ಅವರು ಹೇಳಿದ ಮಾತು ಇದ್ದದ್ದು ಇದ್ದ ಹಾಗೆ, ಮುಂದೆ ನಾನು ಕೇಳುವ ದಿನ. ಮೂರನೆಯ ಅಂಕಣ ಖಾಲಿ ಉಳಿದರೆ ನಾಲ್ಕನೆಯದನ್ನು ತುಂಬಲಾಗುವುದಿಲ್ಲ. ಅವಳ ತೊಂದರೆ ಇದ್ದದ್ದೇ ಅಲ್ಲಿ. ಮೂರು ಹಂತಗಳಲ್ಲಿ ಒಂದರ ಕೊನೆಗೂ ಅವಳು "ಮುಂದಿನ ವಿಷಯ ಯಾವಾಗ ತಿಳಿಯಬಹುದು, ಯಾರಿಂದ?" ಎಂದು ಕೇಳಿರಲಿಲ್ಲ. ಸಂದರ್ಶನ ಮುಗಿಯುವಾಗ "ನಿಮಗೇನಾದರೂ ಕೇಳುವುದಿದೆಯೇ" ಎನ್ನುತ್ತಾರಲ್ಲ, ಆಗಲೇ ಕೇಳಬೇಕಾದ ಪ್ರಶ್ನೆ ಅದು. ಅವರು ದಿನಾಂಕ ಕೊಟ್ಟರೆ ಅದಕ್ಕೆ ಎರಡು ಕೆಲಸದ ದಿನ ಸೇರಿಸಿ ಬರೆದುಕೊಳ್ಳುವುದು. ಕೊಡದಿದ್ದರೆ ಐದರಿಂದ ಏಳು ಕೆಲಸದ ದಿನ ಬಿಡುವುದು. ಶನಿವಾರ, ಭಾನುವಾರ, ಹಬ್ಬ ಎಣಿಕೆಗೆ ಬರುವುದಿಲ್ಲ.

ಮೊದಲು ಆಗಿರುವುದನ್ನು ಸರಿಮಾಡಬೇಕಿತ್ತು. ಕ್ಷಮೆ ಕೇಳಿ ಉದ್ದದ ಪತ್ರ ಬರೆಯುತ್ತೇನೆ ಎಂದಳು. ಬೇಡ ಎಂದೆ. ಕ್ಷಮೆಯ ಪತ್ರವೂ ಅವರಿಗೆ ಇನ್ನೊಂದು ಸಂದೇಶವೇ ಆಗುತ್ತದೆ. ಒಂದು ವಾರ ಏನೂ ಕಳಿಸಬಾರದು, ಆಮೇಲೆ ಸಂದರ್ಶನದ ಆಹ್ವಾನ ಬಂದಿದ್ದ ಮೇಲ್‌ಗೇ ಉತ್ತರವಾಗಿ ಮೂರು ಸಾಲು ಬರೆಯಬೇಕು ಎಂದು ತೀರ್ಮಾನಿಸಿದೆವು. ಹೊಸ ಮೇಲ್ ತೆರೆಯಬೇಡ ಎಂದದ್ದಕ್ಕೆ ಕಾರಣವಿದೆ. ಹಳೆಯದರ ಕೆಳಗೆ ಹುದ್ದೆಯ ಹೆಸರು, ತಾರೀಖು ಎಲ್ಲ ಇರುತ್ತದೆ, ಹತ್ತಾರು ಹುದ್ದೆಗಳನ್ನು ನೋಡಿಕೊಳ್ಳುವ ಎಚ್‌ಆರ್‌ಗೆ "ಯಾರಿವಳು" ಎಂದು ಹುಡುಕುವ ಕೆಲಸ ಉಳಿಯುವುದಿಲ್ಲ. ವಾಟ್ಸ್ಆ್ಯಪ್ ಅವರಾಗಿ ಶುರುಮಾಡಿದ ವಿಷಯಕ್ಕೆ ಮಾತ್ರ: ಸಮಯ ಖಚಿತಪಡಿಸುವುದು, ಗೇಟಿನ ಹತ್ತಿರ ಬಂದಿದ್ದೇನೆ ಎನ್ನುವುದು, ಇಷ್ಟೇ. ಲಿಂಕ್ಡ್‌ಇನ್‌ನ ಸಂದೇಶವನ್ನು ಮುಂದುವರಿಸಬಾರದು.

ಆ ಮೂರು ಸಾಲು ಕಳಿಸುವ ಪ್ರಸಂಗವೇ ಬರಲಿಲ್ಲ. ವಾರ ಮುಗಿಯುವಷ್ಟರಲ್ಲಿ ಅಲ್ಲಿಂದಲೇ ಕರೆ ಬಂತು, ಅಕ್ಟೋಬರ್ 9ಕ್ಕೆ ಕಾರ್ಖಾನೆಗೆ ಬನ್ನಿ ಎಂದರು. ಮೊದಲ ಬಸ್ಸಿಗೆ ಹೋಗಿ ರಾತ್ರಿ ವಾಪಸು ಬಂದಳು. ಈ ಸಲ ಹೊರಡುವ ಮುಂಚೆ ಕೇಳಿದ್ದಳು, ಅವರು ಹೇಳಿದ್ದು: "ಹಬ್ಬ ಇದೆಯಲ್ಲ, 18ರೊಳಗೆ ತಿಳಿಸುತ್ತೇವೆ." ಅವರ ಮಾತು ಹಾಗೇ ಮೂರನೆಯ ಅಂಕಣ ಸೇರಿತು. ನಾಲ್ಕನೆಯದರಲ್ಲಿ 22, ಮಂಗಳವಾರ.

ಆದರೆ ಬಂದವಳ ಮುಖ ಬಾಡಿತ್ತು. ಗುಣಮಟ್ಟ ವಿಭಾಗದ ಮುಖ್ಯಸ್ಥರು ಒಂದು ಪ್ರಶ್ನೆ ಕೇಳಿದ್ದರು: ಮಾದರಿಯ ಪರೀಕ್ಷೆಯಲ್ಲಿ ಫಲಿತಾಂಶ ನಿಗದಿತ ಮಿತಿಯ ಹೊರಗೆ ಬಂದರೆ ಮೊದಲು ಏನು ಮಾಡುತ್ತೀರಿ? ಗಾಬರಿಯಲ್ಲಿ ಇವಳು "ಮತ್ತೆ ಪರೀಕ್ಷೆ ಮಾಡುತ್ತೇವೆ" ಎಂದುಬಿಟ್ಟಿದ್ದಳು. ಆ ಕ್ಷೇತ್ರದಲ್ಲಿ ಇದು ಅಪಾಯದ ಉತ್ತರವಂತೆ. ಮೊದಲು ಪ್ರಯೋಗಾಲಯದೊಳಗಿನ ತನಿಖೆ ಆಗಬೇಕು. ಲೆಕ್ಕ, ಉಪಕರಣ, ದ್ರಾವಣ, ಮಾದರಿ ತಯಾರಿಸಿದ ರೀತಿ ಎಲ್ಲವನ್ನೂ ನೋಡಿ ದಾಖಲಿಸಬೇಕು. ಪಾಸಾಗುವವರೆಗೆ ಪರೀಕ್ಷೆ ಮಾಡುತ್ತಾ ಹೋಗುವುದನ್ನು ತಪಾಸಣೆಗೆ ಬರುವವರು ಒಪ್ಪುವುದಿಲ್ಲ. ಅವಳಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು, ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಸಂದರ್ಶನದ ಮರುದಿನ ಕಳಿಸುವ ಧನ್ಯವಾದದ ಮೇಲ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥ ಕಡೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಹೋದರೆ ಸಂದರ್ಶಕರು ಅಭಿಪ್ರಾಯ ಬರೆಯುವ ಮುನ್ನ ತಲುಪುವ ಸಂಭವವಿದೆ. ಮುಖ್ಯಸ್ಥರ ಮೇಲ್ ವಿಳಾಸ ಅವಳ ಹತ್ತಿರ ಇರಲಿಲ್ಲ. ಹೆಸರು, ಕಂಪನಿ ಸೇರಿಸಿ ಊಹಿಸಿ ಕಳಿಸಲೇ ಎಂದಳು. ಅವರು ಕೊಡದ ವಿಳಾಸಕ್ಕೆ ಕಳಿಸುವುದು ಕರೆಯದ ಮನೆಗೆ ಹೋದ ಹಾಗೆ. ಎಚ್‌ಆರ್‌ಗೇ ಕಳಿಸಿ, ತಲುಪಿಸಿ ಎಂದು ಕೇಳಲು ಹೇಳಿದೆ. ಅವಳು ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ನಿನ್ನೆ ಘಟಕ ತೋರಿಸಿ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಮಿತಿ ಮೀರಿದ ಫಲಿತಾಂಶದ ಬಗ್ಗೆ ನನ್ನ ಉತ್ತರ ಅಪೂರ್ಣವಾಗಿತ್ತು. ಪ್ರಯೋಗಾಲಯದ ತನಿಖೆ ಮುಗಿದು ಕಾರಣ ದಾಖಲಾಗುವ ಮುಂಚೆ ನಾನು ಮರುಪರೀಕ್ಷೆಗೆ ಹೋಗುವುದಿಲ್ಲ. ಇದನ್ನು ದಯವಿಟ್ಟು ಅವರಿಗೆ ತಲುಪಿಸಿ." ಮೊದಲ ಕರಡಿನಲ್ಲಿ ಸಣ್ಣ ವಯಸ್ಸಿನಿಂದ ಈ ಕೆಲಸವೇ ನನ್ನ ಕನಸು ಎಂದೆಲ್ಲ ಇತ್ತು. ಅದನ್ನು ತೆಗೆಸಿದೆ. ಈ ಹಂತದಲ್ಲಿ ಕೆಲಸ ಗೊತ್ತಿದೆಯೇ ಎಂದು ಅಳೆಯುತ್ತಾರೆ, ಮಾತೂ ಕೆಲಸದ್ದೇ ಆಗಿರಬೇಕು.

18 ಕಳೆಯಿತು. 22ರ ಬೆಳಿಗ್ಗೆ ಅದೇ ಮೇಲ್‌ನ ಕೆಳಗೆ ಎರಡು ಸಾಲು: 18ರೊಳಗೆ ತಿಳಿಯಬಹುದು ಎಂದಿದ್ದಿರಿ, ನನಗೆ ಆಸಕ್ತಿ ಹಾಗೇ ಇದೆ, ಬೇಕಾದ ದಾಖಲೆ ಇದ್ದರೆ ಹೇಳಿ. ಉತ್ತರವಿಲ್ಲ.

ಅಷ್ಟರಲ್ಲಿ ಹಾಸನಾಂಬೆಯ ಬಾಗಿಲು ತೆರೆಯಿತು. ಆಶ್ವಯುಜದ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆದರೆ ಬಲಿಪಾಡ್ಯಮಿಯ ವೇಳೆಗೆ ಮುಚ್ಚುವ ಆ ದಿನಗಳಲ್ಲಿ ಊರು ತುಂಬ ಜನ. ಅವಳ ತಂದೆ ದರ್ಶನಕ್ಕೆ ಬಂದವರು ಮಗಳ ಜೊತೆ ನನ್ನ ಹತ್ತಿರವೂ ಬಂದರು. "ಮೇಡಮ್ಮೋರೆ, ನಮ್ಮ ಸಂಬಂಧಿಕರ ಹುಡುಗ ಅದೇ ಕಂಪನಿ ಸ್ಟೋರ್ಸಲ್ಲಿ ಅವ್ನೆ. ಅವ್ನ ಕೈಲಿ ದೊಡ್ಡೋರಿಗೆ ಒಂದು ಮಾತು ಹೇಳಿಸಿಬಿಡ್ತೀನಿ."

ಅವರ ಪ್ರೀತಿ ಅರ್ಥವಾಗುತ್ತಿತ್ತು. ಒಳಗಿನವರಿಂದ ಆಗುವ ಉಪಕಾರವೂ ಇದೆ, ಆದರೆ ಅದರ ಕಾಲ ಅರ್ಜಿ ಹಾಕುವಾಗ. ನಾಲ್ಕು ಹಂತ ದಾಟಿದ ಮೇಲೆ ಸ್ಟೋರ್ಸಿನ ಹುಡುಗ ಹೋಗಿ ಗುಣಮಟ್ಟದ ಮುಖ್ಯಸ್ಥರಿಗೆ ಹೇಳಿದರೆ, ಇವಳು ಸ್ವಂತ ಬಲದಿಂದ ಗಳಿಸಿದ ಅಂಕದ ಮೇಲೆ ವಶೀಲಿಯ ನೆರಳು ಬೀಳುತ್ತದೆ. ಆ ಹುಡುಗನಿಂದ ತಿಳಿದುಕೊಳ್ಳಬಹುದಾದ್ದು ಒಂದೇ ಇದೆ ಎಂದೆ: ಅಲ್ಲಿ ಹಬ್ಬದ ರಜೆ ಎಲ್ಲಿಯವರೆಗೆ? ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು.

ದೀಪಾವಳಿಗೆ ಅಂಟಿಕೊಂಡು ನವೆಂಬರ್ 1ರ ರಾಜ್ಯೋತ್ಸವ, ಅದು ಶುಕ್ರವಾರ. ಆ ವಾರ ಕಳಿಸಿದ್ದು ರಜೆ ಮುಗಿದು ಬಂದವರ ನೂರು ಮೇಲ್‌ಗಳಡಿ ಹೂತುಹೋಗುತ್ತದೆ. ಸೋಮವಾರವನ್ನೂ ಬಿಟ್ಟು 5ನೇ ತಾರೀಖು ಮಂಗಳವಾರ ಹನ್ನೊಂದು ಗಂಟೆಗೆ ಒಂದು ಫೋನ್ ಎಂದು ಬರೆದೆವು. ಮೇಲ್‌ಗೆ ಉತ್ತರ ಬಾರದಿದ್ದಾಗ ಅದೇ ಮೇಲ್ ಮತ್ತೆ ಕಳಿಸುವುದಕ್ಕಿಂತ ದಾರಿ ಬದಲಿಸುವುದು ಮೇಲು, ಒಂದೇ ಸಲ. ಎತ್ತದಿದ್ದರೆ ಮತ್ತೆ ಮಾಡಬಾರದು. ಹತ್ತು ಕೆಲಸದ ದಿನ ಬಿಟ್ಟು ಕೊನೆಯ ಮೇಲ್: ಈ ಹುದ್ದೆ ಬೇರೆಯವರಿಗೆ ಆಗಿದೆ ಎಂದುಕೊಳ್ಳುತ್ತೇನೆ, ಮುಂದೆ ಅವಕಾಶವಿದ್ದರೆ ನೆನಪಿಸಿಕೊಳ್ಳಿ. ಅಲ್ಲಿಗೆ ಆ ಪುಟ ಮುಗಿಯಿತು. ಅದನ್ನೂ ಅವಳ ಕೈಯಲ್ಲೇ ಬರೆಸಿಟ್ಟೆ. ಕೊನೆ ಎಲ್ಲಿದೆಯೆಂದು ಕಂಡ ಮೇಲೆ ಅವಳಿಗೆ ನಿದ್ದೆ ಹತ್ತತೊಡಗಿತು.

ಈ ನಡುವೆ ಅದೇ ಹುದ್ದೆಯ ಜಾಹೀರಾತು ಮತ್ತೆ ಕಾಣಿಸಿಕೊಂಡು ಒಂದು ಸಂಜೆ ಅತ್ತಿದ್ದಳು. ಅದರಿಂದ ಏನೂ ತೀರ್ಮಾನಿಸಲಾಗದು. ಅವಧಿ ಮುಗಿದ ಜಾಹೀರಾತನ್ನು ಮತ್ತೆ ಹಾಕುವುದು ಎಷ್ಟೋ ಕಡೆ ವಾಡಿಕೆ. ಎಚ್‌ಆರ್ ತಾವಾಗಿ ಸಂಬಳದ ಚೀಟಿ, ನೋಟಿಸ್ ಅವಧಿ ಕೇಳಿದರೆ ವಿಷಯ ಜೀವಂತವಿದೆ ಎಂದರ್ಥ. ನಾನು ನಂಬುವ ಸೂಚನೆ ಅದು.

5ಕ್ಕೆ ಎಚ್‌ಆರ್ ಕರೆ ಎತ್ತಿದರು. ಆಯ್ಕೆ ಆಗಿದೆ, ಹುದ್ದೆಗೆ ಮೇಲಿನವರ ಅನುಮೋದನೆ ಬಾಕಿ ಇದೆ, ಮುಂದಿನ ವಾರ ಕರೆಯುತ್ತೇನೆ ಎಂದರು. ಎರಡು ನಿಮಿಷದ ಮಾತು. ನಿಮ್ಮ ನೋಟಿಸ್ ಎಷ್ಟು ದಿನ ಎಂದೂ ಕೇಳಿದರು. ಅರವತ್ತು.

11ರಂದು ಸಂಬಳದ ಮಾತು ಫೋನಿನಲ್ಲೇ ಆಯಿತು. ಅಲ್ಲಿ ಧ್ವನಿ ಬದಲಾಗಬೇಕು. ಇಷ್ಟು ದಿನ ಕೇಳುವವಳಾಗಿದ್ದಳು, ಈಗ ಇಬ್ಬರೂ ಒಪ್ಪಂದ ಮಾಡಿಕೊಳ್ಳುವವರು. "ಯೋಚಿಸಿ ನಾಳೆ ಸಂಜೆಯೊಳಗೆ ಹೇಳುತ್ತೇನೆ" ಎನ್ನಲು ಅಭ್ಯಾಸ ಮಾಡಿಸಿದ್ದೆ, ಹಾಗೆಯೇ ಹೇಳಿದಳು. ಫೋನಿನಲ್ಲಿ ಆದ ಮೊತ್ತ, ಸೇರುವ ದಿನ ಎಲ್ಲವನ್ನೂ ಅದೇ ದಿನ ಮೇಲ್‌ನಲ್ಲಿ ಬರೆದು "ನಾನು ಸರಿಯಾಗಿ ಕೇಳಿಸಿಕೊಂಡಿದ್ದೇನೆಯೇ" ಎಂದು ಕಳಿಸಿದಳು. ಬಾಯಿಮಾತು ಕಾಗದಕ್ಕೆ ಬರುವಷ್ಟರಲ್ಲಿ ಬದಲಾದರೆ ತೋರಿಸಲು ಏನಾದರೂ ಇರಬೇಕು.

ಅವತ್ತೇ ರಾಜೀನಾಮೆ ಕೊಟ್ಟರೆ ಅರವತ್ತು ದಿನ ಬೇಗ ಶುರುವಾಗುತ್ತದೆ ಎಂದು ಅಪ್ಪನ ವಾದ. ಇದೊಂದರಲ್ಲಿ ನಾನು ಗಟ್ಟಿಯಾಗಿ ಬೇಡ ಎಂದೆ. ಅನುಮೋದನೆ ಆಗಿದೆ ಎಂಬ ಮಾತು ಬೇರೆ, ಸಹಿ ಇರುವ ಆಫರ್ ಲೆಟರ್ ಬೇರೆ. ನಡುವಿನ ವಾರದಲ್ಲಿ ಹುದ್ದೆ ತಡೆಹಿಡಿದರೆ ಇರುವ ಕೆಲಸವೂ ಕೈಬಿಡುತ್ತದೆ. ಸೇರುವ ದಿನವನ್ನು ಲೆಟರ್ ಕೈಗೆ ಬಂದ ದಿನದಿಂದ ಎಣಿಸಿ ಎಂದು ಎಚ್‌ಆರ್‌ಗೆ ನೇರವಾಗಿ ಕೇಳಿದಳು. ಅವರು ಒಪ್ಪಿದರು.

ನವೆಂಬರ್ 20ರ ಸಂಜೆ ಲೆಟರ್ ಬಂತು. 11ರ ಮೇಲ್‌ನ ಪಕ್ಕ ಇಟ್ಟು ಸಾಲು ಸಾಲಾಗಿ ಓದಿದಳು, ಮೊತ್ತ ಸರಿಯಿತ್ತು. ಮರುದಿನ ಬೆಳಿಗ್ಗೆ ಇಲ್ಲಿನ ಘಟಕದಲ್ಲಿ ರಾಜೀನಾಮೆ ಕೊಟ್ಟು, ನೋಟ್‌ಬುಕ್ಕಿನ ನಾಲ್ಕನೆಯ ಅಂಕಣದಲ್ಲಿ ಹೊಸ ಕಂಪನಿಗೆ ಸೇರುವ ತಾರೀಖು ಬರೆದುಕೊಂಡಳು.