ಉಬ್ಬಿದ ಪ್ರೋಗ್ರೆಸ್ ನೋಟ್ ಚಿಕ್ಕದು ಮಾಡುವಾಗ ಹೊಸ ವಿಷಯ ಕಳೆಯದಂತೆ ನೋಡಿಕೊಳ್ಳುವುದು ಹೇಗೆ?

"ನಾನು ಹೌಸ್ ಸರ್ಜನ್. ನಮ್ಮ ವಾರ್ಡಿನಲ್ಲಿ ನಿನ್ನೆಯ ನೋಟ್ ಕಾಪಿ ಮಾಡಿ ಇವತ್ತಿನದಕ್ಕೆ ಹಾಕ್ತಾರೆ. ನಾಲ್ಕನೇ ದಿನಕ್ಕೆ ನಾಲ್ಕು ಪುಟ ಆಗಿರುತ್ತೆ. ಹೊಸದೇನೂ ಬಿಟ್ಟುಹೋಗದ ಹಾಗೆ ಇದನ್ನು ಚಿಕ್ಕದು ಮಾಡೋದು ಹೇಗೆ?"

ನಾನು ಕೋಲಾರದ ಒಂದು ಆಸ್ಪತ್ರೆಯಲ್ಲಿ ಮೆಡಿಸಿನ್ ವಾರ್ಡ್ ನೋಡಿಕೊಳ್ಳುತ್ತೇನೆ. ಮೊದಲೇ ಒಂದು ಮಾತು: ಇವತ್ತಿನ ನೋಟ್ ಒಂದನ್ನೇ ಮುಂದಿಟ್ಟುಕೊಂಡು ಅಳಿಸಲು ಹೋಗಬೇಡಿ. ಯಾವುದು ಹಳೆಯದು, ಯಾವುದು ಹೊಸದು ಎಂದು ಅದೊಂದರಿಂದ ಗೊತ್ತಾಗುವುದಿಲ್ಲ. ನಿನ್ನೆಯದನ್ನೂ ಪಕ್ಕದಲ್ಲಿ ತೆರೆಯಿರಿ. ನಾನು ಎರಡನ್ನೂ ಆಸ್ಪತ್ರೆಯ ಕಂಪ್ಯೂಟರಿನಲ್ಲೇ Word ಫೈಲ್ ಮಾಡಿಕೊಂಡು, Review ಒಳಗಿನ Compare ಒತ್ತುತ್ತೇನೆ. ಬದಲಾದ ಪದಗಳು ಬಣ್ಣದಲ್ಲಿ ಕಾಣುತ್ತವೆ. ರೋಗಿಯ ವಿವರವನ್ನು ಹೊರಗಿನ ಯಾವ ವೆಬ್‌ಸೈಟಿಗೂ ಅಂಟಿಸಬೇಡಿ.

ಶ್ರೀನಿವಾಸಪುರದ ಕಡೆಯ ಒಬ್ಬ ರೈತರು ನ್ಯುಮೋನಿಯಾ ಆಗಿ ನಮ್ಮಲ್ಲಿ ಅಡ್ಮಿಟ್ ಆಗಿದ್ದರು. ಅವರಿಗೆ ಮೊದಲಿಂದ ಶುಗರ್ ಇತ್ತು. ನಾಲ್ಕನೇ ದಿನದ ನೋಟಿನಲ್ಲಿ ಹಳೆಯ ಕಥೆ ಪೂರ್ತಿ ಇತ್ತು: ಯಾವಾಗ ಜ್ವರ ಬಂತು, ಮನೆಯಲ್ಲಿ ಏನು ಔಷಧ, ಮೊದಲ ದಿನದ ರಕ್ತ ಪರೀಕ್ಷೆ. Compare ಮಾಡಿದಾಗ ಬಣ್ಣ ಬಂದದ್ದು ಏಳೆಂಟು ಕಡೆ ಅಷ್ಟೇ. ಅದರಲ್ಲಿ ಒಂದು ತೀರ ಸಣ್ಣದು. "ಬಲಗಡೆ ಕೆಳಗೆ ಕ್ರೆಪ್ಸ್" ಇದ್ದದ್ದು "ಎರಡೂ ಕಡೆ ಕೆಳಗೆ ಕ್ರೆಪ್ಸ್" ಆಗಿತ್ತು. ಹತ್ತು ಸಾಲಿನ ಪ್ಯಾರಾದಲ್ಲಿ ಬದಲಾದದ್ದು ಅಷ್ಟೇ. ಹಳೆಯ ಪ್ಯಾರಾ ಅಂದುಕೊಂಡು ಪೂರ್ತಿ ಅಳಿಸಿದ್ದರೆ ಆ ದಿನದ ಮುಖ್ಯ ವಿಷಯವೇ ಹೋಗುತ್ತಿತ್ತು. ಅದಕ್ಕೇ ಅಳಿಸುವಾಗ ಪ್ಯಾರಾ ಲೆಕ್ಕ ಬೇಡ, ವಾಕ್ಯ ವಾಕ್ಯವಾಗಿ ನೋಡಿ.

ಇನ್ನೊಂದು ತೊಂದರೆ, ಒಂದೇ ನೋಟಿನೊಳಗೆ ಎರಡು ಮಾತು ಇರುವುದು. ಮೇಲೆ "ಕಿಡ್ನಿ ನಾರ್ಮಲ್, ಮೆಟ್‌ಫಾರ್ಮಿನ್ ಮುಂದುವರಿಸಿ" ಎಂದು ನಿನ್ನೆಯದೇ ಉಳಿದಿತ್ತು. ಕೆಳಗೆ ಲ್ಯಾಬಿನಿಂದ ಬಂದ ಸಾಲಿನಲ್ಲಿ ಕ್ರಿಯಾಟಿನಿನ್ 1.9. ಎರಡನೇ ದಿನದ್ದು 1.2. 48 ಗಂಟೆಯೊಳಗೆ 0.3 ಏರಿದರೂ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದೇ ಹಿಡಿಯಬೇಕು. ಇಲ್ಲಿ 0.7 ಏರಿದೆ. ಕೊನೆಯ ಸಾಲಿನಲ್ಲಿ "ಮೆಟ್‌ಫಾರ್ಮಿನ್ ನಿಲ್ಲಿಸಿ, ಇನ್ಸುಲಿನ್ ಶುರು" ಎಂದೂ ಇತ್ತು. ಯಾವುದು ನಿಜ? ಇದನ್ನು ನೋಟ್ ಓದಿ ಊಹೆ ಮಾಡಬಾರದು. ಸಿಸ್ಟರ್ ಹತ್ತಿರ ಇರುವ ಔಷಧದ ಚಾರ್ಟ್ ನೋಡಿದೆ. ಬೆಳಿಗ್ಗೆಯಿಂದ ಮಾತ್ರೆ ಕೊಟ್ಟಿರಲಿಲ್ಲ. ಬರೆದ ಡಾಕ್ಟರನ್ನೂ ಕೇಳಿದೆ, ನಿಲ್ಲಿಸಿದ್ದು ಹೌದು ಅಂದರು. ಆಮೇಲೆಯೇ ಹಳೆಯ ಸಾಲು ತೆಗೆದೆ. ಹಾಗೇ "ಕ್ಯಾಥೆಟರ್ ಇದೆ" ಎಂದು ನೋಟಿನಲ್ಲಿತ್ತು. ಮಂಚದ ಹತ್ತಿರ ಹೋಗಿ ನೋಡಿದರೆ ಹಿಂದಿನ ಸಂಜೆಯೇ ತೆಗೆದಿದ್ದರು. ಬಣ್ಣ ಬಾರದ ಸಾಲು ಸರಿ ಎಂದೇನಲ್ಲ. ಇವತ್ತು ಯಾರೂ ಅದನ್ನು ನೋಡೇ ಇಲ್ಲದಿರಬಹುದು.

ಇನ್ನು ಬದಲಾಗದಿದ್ದರೂ ಇಡಬೇಕಾದವು ಇವೆ. ಔಷಧದ ಅಲರ್ಜಿ, ಇನ್ನೂ ಬಾರದ ರಿಪೋರ್ಟ್, ನಡೆಯುತ್ತಿರುವ ಆಂಟಿಬಯೋಟಿಕ್ ಎಷ್ಟನೇ ದಿನ ಎಂಬುದು. ಈ ರೈತರ ಕಫದ ಕಲ್ಚರ್ ಎರಡನೇ ದಿನ ಕಳಿಸಿದ್ದರು. ಮೂರನೇ ದಿನವೇ ಯಾರೋ ಆ ಸಾಲು ಅಳಿಸಿದ್ದರಿಂದ ಮೂರು, ನಾಲ್ಕನ್ನು ಹೋಲಿಸಿದಾಗ ಅದು ಕಾಣಲೇ ಇಲ್ಲ. ಅದಕ್ಕೇ ನಾನು ಅಡ್ಮಿಷನ್ ದಿನದಿಂದ ಕಳಿಸಿದ ಪರೀಕ್ಷೆಗಳ ಪಟ್ಟಿಯನ್ನು ಲ್ಯಾಬ್ ಪರದೆಯಲ್ಲಿ ಬೇರೆಯಾಗಿ ನೋಡುತ್ತೇನೆ.

ಕೊನೆಗೆ ಉಳಿದದ್ದು ಇಷ್ಟು. ನಿಜವಾದ ನೋಟ್ ಇಂಗ್ಲಿಷಿನಲ್ಲೇ ಇತ್ತು, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ:

ನಾಲ್ಕನೇ ದಿನ. ನ್ಯುಮೋನಿಯಾ, ಶುಗರ್. ಅಲರ್ಜಿ ಇಲ್ಲ.
ಜ್ವರ ಇನ್ನೂ ಇದೆ. ಆಕ್ಸಿಜನ್ 2 ಲೀಟರ್ ಇದ್ದದ್ದು 4 ಲೀಟರ್. ಕ್ರೆಪ್ಸ್ ಈಗ ಎರಡೂ ಕಡೆ.
ಕ್ರಿಯಾಟಿನಿನ್ 1.9, ಎರಡನೇ ದಿನ 1.2.
ಜ್ವರ ಇಳಿಯದ್ದರಿಂದ ಸೆಫ್ಟ್ರಯಾಕ್ಸೋನ್ ಬದಲು ಪಿಪೆರಾಸಿಲಿನ್-ಟ್ಯಾಜೋಬ್ಯಾಕ್ಟಮ್, ಇವತ್ತು ಮೊದಲ ದಿನ.
ಕ್ರಿಯಾಟಿನಿನ್ ಏರಿದ್ದರಿಂದ ಮೆಟ್‌ಫಾರ್ಮಿನ್ ನಿಲ್ಲಿಸಿದೆ, ಇನ್ಸುಲಿನ್ ಶುರು.
ಕ್ಯಾಥೆಟರ್ ನಿನ್ನೆ ಸಂಜೆ ತೆಗೆದಿದೆ.
ಇವತ್ತು ಮತ್ತೆ ಎಕ್ಸ್-ರೇ. ಕಫದ ಕಲ್ಚರ್ ರಿಪೋರ್ಟ್ ಬರಬೇಕು.

ಯಾಕೆ ಬದಲಾಯಿಸಿದರು ಎಂಬುದನ್ನು ಬದಲಾವಣೆಯ ಜೊತೆಗೇ ಇಟ್ಟಿದ್ದೇನೆ, ಗಮನಿಸಿ. ಕಾರಣ ಬಿಟ್ಟು "ಮೆಟ್‌ಫಾರ್ಮಿನ್ ನಿಲ್ಲಿಸಿದೆ" ಎಂದಷ್ಟೇ ಬರೆದರೆ, ರಾತ್ರಿ ಡ್ಯೂಟಿಗೆ ಬಂದವರು ಶುಗರ್ ಜಾಸ್ತಿ ಇದೆ ಎಂದು ಮತ್ತೆ ಶುರು ಮಾಡಿಬಿಡಬಹುದು, ಅಲ್ವಾ?

ಇದೆಲ್ಲ ಸಹಿ ಆಗುವ ಮೊದಲಿನ ನೋಟಿಗೆ ಮಾತ್ರ. ಸಹಿ ಆದಮೇಲೆ ಅದರಲ್ಲಿ ಒಂದು ಪದವನ್ನೂ ತೆಗೆಯಬೇಡಿ. ತಪ್ಪು ಸಿಕ್ಕರೆ ದಿನಾಂಕ, ಸಮಯ ಹಾಕಿ ಅಡೆಂಡಮ್ ಬರೆಯಿರಿ: "ಮೇಲೆ ಕ್ಯಾಥೆಟರ್ ಇದೆ ಎಂದಿದೆ, ಅದು ನಿನ್ನೆ ಸಂಜೆ ತೆಗೆದದ್ದು" ಎಂದು.