ಟೋಕನ್ ಹಿಂದೆ ಬರೆದದ್ದಕ್ಕಿಂತ ಕ್ಲೈಮ್ ಫಾರಂನಲ್ಲಿ ಬರೆಯುವುದು ಮುಖ್ಯ

ಪ್ರಶ್ನೆ: ಕಾಸರಗೋಡಿನ ಒಂದು ಹಾಲ್‌ಗೆ ಮದುವೆಗೆ ಹೋಗಿದ್ದೆ. ಕೀ ತೆಗೆದುಕೊಂಡು ಪಾರ್ಕ್ ಮಾಡಿಕೊಡುವ ವ್ಯಾಲೆ ಹುಡುಗರು ಕಾರಿನ ಬಾಗಿಲು ಜಜ್ಜಿದ್ದಾರೆ. ಟೋಕನ್ ಮೇಲೆ ‘ಮಾಲೀಕರದ್ದೇ ಜವಾಬ್ದಾರಿ’ ಅಂತಿದೆ. ಸುಮ್ನೆ ನನ್ನ ಇನ್ಶೂರೆನ್ಸ್ ಕ್ಲೈಮ್ ಮಾಡೋದೊಂದೇ ದಾರಿ ಅಲ್ವಾ?

ಅಲ್ಲ. ಫಾರಂ ತುಂಬಿಸಿಲ್ಲ ಅಂದ್ರೆ ಸ್ವಲ್ಪ ತಡೀರಿ.

ನನಗೂ ಇದೇ ಊರಿನ ಹಾಲ್‌ನಲ್ಲಿ, ಸಂಬಂಧಿಕರ ಮದುವೆಯಲ್ಲಿ ಹೀಗೇ ಆಗಿತ್ತು. ಊಟ ಮುಗಿಸಿ ಬಂದರೆ ಹಿಂದಿನ ಬಂಪರ್ ಎಡಮೂಲೆಯಲ್ಲಿ ಬಿರಿದಿತ್ತು. ಬಿರುಕಿನೊಳಗೆ ಕೆಂಪು ಪುಡಿ. ಹಾಲ್ ಹಿಂದಿನ ಮುರಕಲ್ಲಿನ ಗೋಡೆಗೆ ಅದೇ ಎತ್ತರದಲ್ಲಿ ನನ್ನ ಕಾರಿನ ಬಿಳಿ ಪೇಂಟ್ ಅಂಟಿತ್ತು. ಎರಡರದ್ದೂ ಫೋಟೋ ತೆಗೆದೆ. ಮ್ಯಾನೇಜರ್ ಟೋಕನ್ ತಿರುಗಿಸಿ ತೋರಿಸಿದರು. ಹುಡುಗರು ನಮ್ಮವರಲ್ಲ, ಕಂಟ್ರಾಕ್ಟಿನವರು ಅಂತಲೂ ಹೇಳಿದರು.

ಮರುದಿನ ಗ್ಯಾರೇಜಿನವರು, “ವ್ಯಾಲೆ, ಹಾಲ್ ಅಂತೆಲ್ಲ ಬರೆದರೆ ಸುಮ್ನೆ ಪ್ರಶ್ನೆ ಕೇಳ್ತಾರೆ ಮಾರಾಯ್ರೆ. ನೀವೇ ರಿವರ್ಸ್ ತೆಗೆಯುವಾಗ ತಾಗಿತು ಅಂತ ಬರೀರಿ, ಬೇಗ ಪಾಸಾಗ್ತದೆ” ಅಂದರು. ನಾನು ಹಾಗೇ ಬರೆದೆ. ‘ಆಗ ವಾಹನ ಚಲಾಯಿಸುತ್ತಿದ್ದವರು’ ಅನ್ನುವ ಕಾಲಂನಲ್ಲಿ ನನ್ನ ಹೆಸರು, ನನ್ನ ಲೈಸೆನ್ಸ್ ನಂಬರ್, ಕೆಳಗೆ ನನ್ನ ಸಹಿ. ಸುಳ್ಳು ಹೇಳಿಕೆ ಅಂತ ಕಂಪನಿ ಆ ಕ್ಲೈಮನ್ನೇ ತಿರಸ್ಕರಿಸಬಹುದಿತ್ತು. ನನಗಾದ ನಷ್ಟ ಬೇರೆ ಕಡೆಯಿಂದ ಬಂತು.

ಪ್ಲಾಸ್ಟಿಕ್ ಭಾಗಕ್ಕೆ 50% ಸವಕಳಿ ಕಳೆಯುತ್ತಾರೆ. ಸವಕಳಿ ಕಳೆಯದ ಝೀರೋ ಡೆಪ್ ಪಾಲಿಸಿ ನನ್ನ ಹತ್ತಿರ ಇರಲಿಲ್ಲ, ಹಾಗಾಗಿ ಬಂಪರಿನ ಅರ್ಧ ದುಡ್ಡು ನನ್ನದೇ. ಅದರ ಮೇಲೆ ಕಡ್ಡಾಯವಾಗಿ ನಾವೇ ಹಾಕಬೇಕಾದ 1000 ರೂಪಾಯಿ. ಮುಂದಿನ ವರ್ಷದ ಪ್ರೀಮಿಯಂನಲ್ಲಿ ನೋ ಕ್ಲೈಮ್ ಬೋನಸ್ ಸೊನ್ನೆ. ಸಣ್ಣ ಪೆಟ್ಟಿಗೆ ಇನ್ಶೂರೆನ್ಸ್ ಲಾಭವಲ್ಲ ಅನ್ನೋದು ಆಗ ಗೊತ್ತಾಯ್ತು. ಈ ಉಳಿದ ದುಡ್ಡಾದರೂ ಹಾಲಿನವರಿಂದ ಬರಲಿ ಅಂತ ವಕೀಲರ ಹತ್ತಿರ ಹೋದೆ. ಅವರು ಫೋಟೋ ನೋಡಿ ಖುಷಿಪಟ್ಟರು, ಕ್ಲೈಮ್ ಫಾರಂ ನೋಡಿ ಫೈಲ್ ಮುಚ್ಚಿದರು. “ಎದುರಿನವರು ಇದೊಂದನ್ನು ತರಿಸಿದರೆ ಸಾಕು. ಕಾರು ಗುದ್ದಿದ್ದು ನೀವೇ ಅಂತ ನಿಮ್ಮ ಸಹಿಯೇ ಹೇಳ್ತದೆ” ಅಂದರು. ಗೋಡೆಯ ಪೇಂಟ್ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ, ಪ್ರಯೋಜನವಿಲ್ಲ.

ಇನ್ನು ಟೋಕನ್ ವಿಷಯ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಅತಿಥಿಯೊಬ್ಬರು ವ್ಯಾಲೆಗೆ ಕೊಟ್ಟ ಮಾರುತಿ ಝೆನ್ ಕಳುವಾಯಿತು. ಬೇರೆ ಕಾರಿನಲ್ಲಿ ಬಂದಿದ್ದ ಹುಡುಗರು ಡೆಸ್ಕಿನಿಂದ ಕೀ ಎತ್ತಿಕೊಂಡು ಓಡಿಸಿಕೊಂಡು ಹೋಗಿದ್ದರು. ಅಲ್ಲಿಯ ಟೋಕನ್ನಿನಲ್ಲೂ ‘ನಿಮ್ಮದೇ ಜವಾಬ್ದಾರಿ’ ಅಂತಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ವಿರುದ್ಧ ತೀರ್ಪು ಕೊಟ್ಟಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಅಜಯ್ ರಸ್ತೋಗಿ ಮತ್ತು ನಮ್ಮ ಕನ್ನಡದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಕೀ ತೆಗೆದುಕೊಂಡ ಮೇಲೆ ಕಾರನ್ನು ಜೋಪಾನ ಮಾಡಿ, ಹಾಗೇ ವಾಪಸ್ ಕೊಡೋದು ಹೋಟೆಲಿನ ಹೊಣೆ. ಏನಾದರೂ ಆದರೆ, ನಾವು ಸಾಕಷ್ಟು ಎಚ್ಚರ ವಹಿಸಿದ್ದೆವು ಅಂತ ಅವರೇ ತೋರಿಸಬೇಕು. ಸ್ವಂತ ಅಜಾಗರೂಕತೆಯಿಂದ ನುಣುಚಿಕೊಳ್ಳಲು ಟೋಕನ್ನಿನ ಸಾಲು ಸಾಕಾಗೋದಿಲ್ಲ. ಎಲ್ಲದಕ್ಕೂ ಮೂಲ ಕೀ ಕೈಬದಲಾಗಿದ್ದು. ನೀವೇ ಪಾರ್ಕ್ ಮಾಡಿ ಕೀ ಜೇಬಿಗೆ ಹಾಕಿಕೊಂಡಿದ್ದರೆ ಈ ವಾದ ಇಷ್ಟು ಗಟ್ಟಿ ನಿಲ್ಲುವುದಿಲ್ಲ.

‘ಹಾಲಿಗೆ ದುಡ್ಡು ಕೊಟ್ಟವನು ನಾನಲ್ವಲ್ಲ’ ಅಂತ ಹಿಂಜರಿಯಬೇಡಿ. ದುಡ್ಡು ಕೊಟ್ಟವರ ಒಪ್ಪಿಗೆಯಿಂದ ಸೇವೆ ಪಡೆದವರೂ ಗ್ರಾಹಕ ಕಾನೂನಿನಲ್ಲಿ ಗ್ರಾಹಕರೇ. ಮದುಮಗಳ ಮನೆಯವರು ಹಾಲ್ ಹಿಡಿದರು, ನೀವು ಅತಿಥಿ, ಅಷ್ಟೇ.

ಹಾಗಾಗಿ ಟೋಕನ್ ವಾಪಸ್ ಕೊಡಬೇಡಿ, ಕೇಳಿದರೆ ಎರಡೂ ಮುಖದ ಫೋಟೋ ತೆಗೆದಿಟ್ಟು ಕೊಡಿ. ಆ ದಿನದ ಸಿಸಿಟಿವಿ ಅಳಿಸಬೇಡಿ ಅಂತ ಹಾಲಿಗೆ ಇವತ್ತೇ ಬರೆದು ಕೊಡಿ, ಅವು ಜಾಸ್ತಿ ದಿನ ಉಳಿಯೋದಿಲ್ಲ. ಕಾರು ಓಡಿಸಿದ ಹುಡುಗನ ಹೆಸರು, ಲೈಸೆನ್ಸ್ ಕೇಳಿ. ಪೊಲೀಸ್ ಸ್ಟೇಷನ್ನಿನ ಡೈರಿಯಲ್ಲಿ ಜಿ.ಡಿ. ಎಂಟ್ರಿ ಮಾಡಿಸಿ, ಓಡಿಸಿದ್ದು ವ್ಯಾಲೆ ಅಂತ ಅದರಲ್ಲಿ ಬರಲಿ. ಇನ್ಶೂರೆನ್ಸಿಗೆ ಹೋಗಲೇಬೇಕಾದರೆ ಅಲ್ಲೂ ಅದನ್ನೇ ಬರೀರಿ. ಕಂಪನಿ ಕೊಟ್ಟಷ್ಟಕ್ಕೆ ಹಾಲಿನವರ ಮೇಲೆ ಹೋಗುವ ಹಕ್ಕು ಕಂಪನಿಗೆ ಸೇರುತ್ತದೆ, ಉಳಿದದ್ದು ನಿಮ್ಮದು. ತಾಜ್ ಕೇಸಿನಲ್ಲೂ ಇನ್ಶೂರೆನ್ಸ್ ಕಂಪನಿಯೇ ಮುಂದೆ ನಿಂತು ಹೋಟೆಲಿನ ಮೇಲೆ ಹೋಗಿತ್ತು.

ಎರಡು ವರ್ಷದೊಳಗೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಹಾಲ್ ಮತ್ತು ವ್ಯಾಲೆ ಕಂಟ್ರಾಕ್ಟರ್, ಇಬ್ಬರನ್ನೂ ಎದುರುಗಾರರನ್ನಾಗಿ ಮಾಡಿ. ಒಬ್ಬರನ್ನೇ ಹಿಡಿದರೆ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಕಾರು ಓಡಿಸಿದ ಹುಡುಗನ ಸಂಬಳ ಹಿಡಿಸೋಕೆ ಮಾತ್ರ ಹೋಗಬೇಡಿ, ಕೀ ತೆಗೆದುಕೊಂಡ ಸಂಸ್ಥೆಯನ್ನು ಕೇಳಿ.