ಹನ್ನೊಂದು ಗಂಟೆ ಕಾಫಿ ಜಗಳ

ಪ್ರಶ್ನೆ: ನಮ್ಮೆಜಮಾನ್ರು ರಿಟೈರ್ ಆಗಿ ಎಂಟು ತಿಂಗಳಾಯ್ತು. ಬೆಳಗ್ಗೆ ನಾಲ್ಕೂವರೆಗೇ ಎದ್ದು ಲೈಟ್ ಹಾಕ್ತಾರೆ, ಟಿವಿ ಸೌಂಡ್ ಬೀದಿಗೆ ಕೇಳತ್ತೆ, ಫ್ರಿಜ್ ತೆಗ್ದು ಇದ್ಯಾಕೆ ಕೊಳೆತಿದೆ ಅಂತ ಲೆಕ್ಕ ಕೇಳ್ತಾರೆ, ಫೋನ್ ಬಂದ್ರೆ ಯಾರದು ಅಂತಾರೆ. 35 ವರ್ಷ ಸಂಸಾರ ಮಾಡಿ ಇವರು ಇಂಥವರು ಅಂತ ಈಗ ಗೊತ್ತಾಗ್ತಿದೆ. ಏನ್ಮಾಡ್ಲಿ? – ಒಬ್ಬ ಗೃಹಿಣಿ, ದಾವಣಗೆರೆ

ಉತ್ತರ: ಆ 35 ವರ್ಷದಲ್ಲಿ ನೀವಿಬ್ರೂ ಎಚ್ಚರವಾಗಿ ಎದುರುಬದುರು ಇದ್ದಿದ್ದು ದಿನಕ್ಕೆ ಮೂರ್ನಾಲ್ಕು ಗಂಟೆ ಇರ್ಬೋದು ಅಮ್ಮ, ಅದೂ ಮಕ್ಕಳ ಡಬ್ಬಿ, ಸ್ಕೂಲು, ನೆಂಟರು ಅಂತ ಗಲಾಟೇಲೇ ಹೋಗಿರತ್ತೆ. ಈಗ ಒಂದೇ ಸಲಕ್ಕೆ ಹದಿನೈದು ಹದಿನಾರು ಗಂಟೆ. ಜಪಾನಲ್ಲಿ ನೊಬುವೊ ಕುರೊಕಾವಾ ಅನ್ನೋ ಡಾಕ್ಟರು 1991ರಲ್ಲೇ, ಗಂಡ ರಿಟೈರ್ ಆಗಿ ಮನೇಲಿ ಕೂತ್ಮೇಲೆ ಹೆಂಡ್ತೀರಿಗೆ ಶುರುವಾಗೋ ಕಾಯಿಲೆಗಳಿಗೆ ಅಂತಾನೇ ಒಂದು ಹೆಸರಿಟ್ಟಿದ್ರು, ಹಾಗಾಗಿ ಇದು ನಿಮ್ಮೊಬ್ರ ಮನೆ ಕಥೆ ಅಲ್ಲ.

ನೀವು ಬರ್ದಿರೋ ನಾಲ್ಕು ದೂರಲ್ಲಿ ಎರಡು ದೇಹದ್ದು ಇರ್ಬೋದು. ವಯಸ್ಸಾಗ್ತಾ ದೇಹದ ಗಡಿಯಾರ ಮುಂದಕ್ಕೆ ಸರಿಯತ್ತೆ, ಬೇಗ ನಿದ್ದೆ ಬರತ್ತೆ ಬೇಗ ಎಚ್ಚರ ಆಗತ್ತೆ, ಬೇಕಂತ ಮಾಡೋದಲ್ಲ. ಅವರ ಬಟ್ಟೆ, ಕನ್ನಡಕ, ಟಾರ್ಚು ರಾತ್ರೀನೇ ಹಾಲಲ್ಲಿ ಇಟ್ಬಿಡಿ, ರೂಮಿನ ಲೈಟ್ ಹಾಕೋ ಕಾರಣಾನೇ ಇರಲ್ಲ. ಟಿವಿ ವಿಷ್ಯ ಕಿವೀದು ಅಂತ ನಂಗೆ ಜೋರು ಅನುಮಾನ. ವಯಸ್ಸಿನ ಕಿವುಡಲ್ಲಿ ಮೊದ್ಲು ಹೋಗೋದು ತೀಕ್ಷ್ಣ ಸದ್ದು, ಸ, ಶ, ಫ ಇಂಥ ಅಕ್ಷರ, ಹೆಂಗಸರ ಮಕ್ಕಳ ದನಿ. ಸೌಂಡ್ ಕೇಳತ್ತೆ, ಮಾತು ಬಿಡಿಸ್ಕೊಳಲ್ಲ. "ನೀನು ಗೊಣಗ್ತೀಯ, ಸರಿಯಾಗ್ ಹೇಳು" ಅಂತ ಪದೇ ಪದೇ ಅಂತಿದ್ರೆ, ಗಂಡಸರ ಜೊತೆ ಮಾತಾಡುವಾಗ ಮಾತ್ರ ಸರಿಯಾಗಿದ್ರೆ, ಈ ವಾರಾನೇ ಇಎನ್‌ಟಿ ಹತ್ರ ಆಡಿಯೋಮೆಟ್ರಿ ಮಾಡಿಸಿ.

ಫೋನ್ ವಿಚಾರ ಸ್ವಲ್ಪ ನೋಡ್ಕೊಂಡು. ಸುಮ್ನೆ ಕುತೂಹಲಕ್ಕೆ ಕೇಳೋದಾದ್ರೆ ಬಿಡಿ, ಅವರ ಫೋನ್ ಬಡ್ಕೊಳ್ಳೋದು ನಿಂತಿದೆ ನಿಮ್ದು ಬಡ್ಕೊತಿದೆ, ಅಷ್ಟೇ. ಮೊದಲಿಂದ ಇಲ್ದಿರೋ ಅನುಮಾನ, ಮರೆವು ಹೊಸದಾಗಿ ಬಂದಿದ್ರೆ ನ್ಯೂರಾಲಜಿಸ್ಟ್ ಅಥವಾ ಮನೋವೈದ್ಯರಿಗೆ ತೋರಿಸ್ಲೇಬೇಕು. ಎರಡು ವಾರ ಮೀರಿ ಯಾವ್ದ್ರಲ್ಲೂ ಆಸಕ್ತಿ ಇಲ್ಲ, ಊಟ ಸೇರಲ್ಲ, ನಿದ್ದೆ ಕೆಟ್ಟಿದೆ ಅಂದ್ರೆ ಅದು ಡಿಪ್ರೆಶನ್ ಇರ್ಬೋದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಟೆಲಿ ಮಾನಸ್‌ಗೆ ಕಾಲ್ ಮಾಡಿ, ಕನ್ನಡದಲ್ಲೇ ಮಾತಾಡ್ಬೋದು.

ಇನ್ನು ಫ್ರಿಜ್. ನನ್ನ ಹತ್ರ ಒಂದು ಜೋಡಿ ಬರ್ತಿತ್ತು, ಗಂಡ ಅಕೌಂಟ್ಸ್ ಕೆಲ್ಸದಲ್ಲಿದ್ದು ರಿಟೈರ್ ಆದೋರು. ಇಬ್ಬರಿಗೂ ಒಂದೊಂದು ಸಣ್ಣ ಬುಕ್ ಕೊಟ್ಟು, ಕಾರಣ ಬರೀಬೇಡಿ, ಸಿಟ್ಟು ಬಂದ ಟೈಮ್ ಮಾತ್ರ ಏಳು ದಿನ ಬರೀರಿ ಅಂದೆ. ಇಬ್ಬರ ಬುಕ್ಕಲ್ಲೂ ದಿನಾ ಇದ್ದಿದ್ದು ಹನ್ನೊಂದು ಗಂಟೆ! ಕೆದಕಿ ನೋಡಿದ್ರೆ ಅದು ಅವರ ಆಫೀಸಿನ ಟೀ ಟೈಮು, ನಾಲ್ಕು ಜನ ಕ್ಯಾಂಟೀನಿಗೆ ಹೋಗಿ ಹರಟೋ ಹೊತ್ತು, ಕಾಲು ತಾನಾಗೇ ಅಡುಗೆಮನೆಗೆ ಹೋಗ್ತಿತ್ತು, "ಕಾಫಿ ಇದ್ಯಾ" ಅಂತ. ಆಯಮ್ಮಂಗೆ ಅದೇ ಹನ್ನೊಂದು ಗಂಟೆ ಬೆಳಗ್ಗೆಯಿಂದ ಮೊದಲ ಸಲ ಕೂತು ಪೇಪರ್ ಬಿಡಿಸೋ ಹೊತ್ತು. ಅವರಿಗದು ಜೊತೆ ಬೇಕಾದ ಟೈಮು, ಇವರಿಗೆ ಒಬ್ಬಳೇ ಇರಬೇಕಾದ ಟೈಮು, ಮೂವತ್ತು ವರ್ಷ ಒಬ್ಬರದ್ದು ಒಬ್ಬರಿಗೆ ಗೊತ್ತೇ ಇರ್ಲಿಲ್ಲ ಪಾಪ.

ಹತ್ತೂವರೆಗೆ ಅವರು ಮನೆ ಬಿಡೋದು, ತರಕಾರಿ ಪೂರ್ತಿ ಅವರ ಜವಾಬ್ದಾರಿ ಅಂತ ಮಾಡಿದ್ವಿ. "ಹೆಲ್ಪ್ ಮಾಡಿ" ಅಂತಲ್ಲ, ಹೆಲ್ಪ್ ಅಂದ್ರೆ ಆಫೀಸರ್ ಹೆಂಡತೀನೇ, ಇವರು ಅಟೆಂಡರ್, ಎರಡೇ ದಿನಕ್ಕೆ ಜಗಳ. ಏನು ತರ್ಬೇಕು ಅಂತ ಯೋಚಿಸೋದು, ತರೋದು, ಬಿಡಿಸಿ ಫ್ರಿಜ್ಜಲ್ಲಿಡೋದು, ಕೊಳೆತಿದ್ದು ಎಸೆಯೋದು ಎಲ್ಲಾ ಅವರದ್ದೇ. ಆಯಮ್ಮಂಗೆ ಒಂದೇ ಕಂಡೀಶನ್, ಒಂದು ತಿಂಗಳು ತಪ್ಪು ಹುಡುಕೋ ಹಾಗಿಲ್ಲ. ಇದು ಬಹಳ ಕಷ್ಟ, ನಿಮಗೂ ಕಷ್ಟ ಆಗತ್ತೆ, ಅಡುಗೆಮನೆ ಇಷ್ಟು ವರ್ಷ ನಿಮ್ಮ ಆಫೀಸಲ್ವಾ. ಮೊದಲ ವಾರ ಅವರು ಅಗ್ಗಕ್ಕೆ ಸಿಕ್ತು ಅಂತ ನಾಲ್ಕು ಕೆಜಿ ಹೀರೇಕಾಯಿ ತಂದ್ರಂತೆ, ಆಯಮ್ಮ ತುಟಿ ಬಿಚ್ಚಲಿಲ್ಲ, ಹುಳಿ, ಪಲ್ಯ, ಸಿಪ್ಪೆ ಚಟ್ನಿ ಅಂತ ಮಾಡಿ ಹಾಕಿದ್ರು, ಆದ್ರೂ ಅರ್ಧ ಕೊಳೀತು. ಅದನ್ನ ಅವರೇ ಕೈಯಾರೆ ಎಸೆದ್ಮೇಲೆ ಫ್ರಿಜ್ ಆಡಿಟ್ ನಿಂತುಹೋಯ್ತು.

ಮೂರು ತಿಂಗಳ ಮೇಲೆ ಫೋನ್ ಮಾಡಿದ್ರು. ಮಾರ್ಕೆಟ್ ಹತ್ರ ಇನ್ನಿಬ್ಬರು ರಿಟೈರ್ಡ್ ಗೆಳೆಯರು ಸಿಕ್ಕಿದಾರಂತೆ, ಹನ್ನೊಂದು ಗಂಟೆ ಕಾಫಿ ಅಲ್ಲೇ. ಸೊಪ್ಪು ಮಾತ್ರ ಇವತ್ತಿಗೂ ಬಾಡಿದ್ದೇ ತರ್ತಾರೆ ಅಂತ ಆಯಮ್ಮ.